ಹುಳುಮನೆಯ ಲೆಕ್ಕ: ಒಂದು ಬೆಳೆಗೆ ಎಷ್ಟು ಖರ್ಚು, ಕೈಗೆ ಎಷ್ಟು?

ಕಳೆದ ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಊರಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. ಕುಶಲ ವಿಚಾರಿಸಿ, ಪುಣೆಯಲ್ಲಿ ಮಳೆ ಶುರುವಾಯಿತಾ ಎಂದೆಲ್ಲ ಕೇಳಿ, ಕೊನೆಗೆ ವಿಷಯಕ್ಕೆ ಬಂದ.

"ಅಣ್ಣ, ದೊಡ್ಡದಾಗಿ ಒಂದು ಹುಳುಮನೆ ಕಟ್ಟಬೇಕು ಅಂತಿದೀನಿ. ಈಗಿರೋದರಲ್ಲಿ ಇನ್ನೂರು ಮೊಟ್ಟೆಗಿಂತ ಜಾಸ್ತಿ ಮೇಯಿಸೋಕಾಗಲ್ಲ. ಹೊಸದು ಆದರೆ ನಾನೂರು ಮೇಯಿಸಬಹುದು. ಒಂಬತ್ತು ಲಕ್ಷ ಆಗುತ್ತೆ. ಬ್ಯಾಂಕಲ್ಲಿ ಕೇಳಿದೀನಿ, ನೀನೂ ಸ್ವಲ್ಪ ಸೇರಿಸಿದ್ರೆ..."

ಹೊರನಾಡಲ್ಲಿರುವ ನಮ್ಮಲ್ಲಿ ಹಲವರಿಗೆ ಇಂಥ ಫೋನ್ ಬಂದಿರುತ್ತದೆ. ಕೊಳವೆಬಾವಿ, ಹಸು, ಟ್ರ್ಯಾಕ್ಟರ್, ಏನೋ ಒಂದು. ಇಲ್ಲ ಎನ್ನಲು ಮನಸ್ಸು ಬರುವುದಿಲ್ಲ, ಹೂಂ ಎನ್ನಲು ಧೈರ್ಯ ಸಾಲುವುದಿಲ್ಲ. ನಾನು ಹೇಳಿದ್ದು ಇಷ್ಟೇ: "ದುಡ್ಡಿನ ಮಾತು ಆಮೇಲೆ ಆಡೋಣ. ಮೊದಲು ಹೋದ ವರ್ಷದ ಐದು ಬೆಳೆಗಳ ಲೆಕ್ಕ ಕೊಡು."

"ಲೆಕ್ಕ ಎಲ್ಲಿ ಬರೆದಿಟ್ಟಿದೀವಣ್ಣ? ಗೂಡು ಮಾರಿದ ಚೀಟಿ ಇದಾವೆ. ಖರ್ಚು ಅಪ್ಪನ ತಲೇಲಿದೆ."

ಜೂನ್‌ನಲ್ಲಿ ನಾಲ್ಕು ದಿನ ರಜೆ ಹಾಕಿ ಶಿಡ್ಲಘಟ್ಟದ ಹತ್ತಿರದ ನಮ್ಮೂರಿಗೆ ಹೋದೆ. ಚಿಕ್ಕಪ್ಪನ ತಲೆಯಲ್ಲಿದ್ದದ್ದನ್ನು, ಚಿಕ್ಕಮ್ಮನ ಕ್ಯಾಲೆಂಡರಿನ ಹಿಂದೆ ಗೀಚಿದ್ದದ್ದನ್ನು, ಮಾರುಕಟ್ಟೆಯ ಚೀಟಿಗಳನ್ನು ಒಟ್ಟುಗೂಡಿಸಿ ಒಂದು ಶೀಟ್ ಮಾಡಿದೆ. ಆ ಲೆಕ್ಕವೇ ಈ ಬರಹ. ಇದು ಒಂದು ಮನೆಯ, ಒಂದು ಎಕರೆಯ, ಒಂದು ವರ್ಷದ ಲೆಕ್ಕ. ನಿಮ್ಮೂರಿನ ಕೂಲಿ, ಗೂಡಿನ ದರ ಬೇರೆ ಇರಬಹುದು. ಆದರೆ ಲೆಕ್ಕ ಹಾಕುವ ದಾರಿ ಎಲ್ಲ ಕಡೆಗೂ ಒಂದೇ.

ಇನ್ನೂರು ಮೊಟ್ಟೆ ಎಂದರೆ

ಗೊತ್ತಿಲ್ಲದವರಿಗೆ ಒಂದು ಮಾತು. ರೇಷ್ಮೆಯವರ ಬಾಯಲ್ಲಿ ಒಂದು ಮೊಟ್ಟೆ ಎಂದರೆ ಒಂದು ಹೆಣ್ಣು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪು. ಅದರಲ್ಲಿ ನಾನೂರರಿಂದ ಐನೂರು ಮೊಟ್ಟೆ ಇರುತ್ತವೆ. ಹಾಗಾಗಿ ಇನ್ನೂರು ಮೊಟ್ಟೆ ತಂದರೆ ಮನೆಯಲ್ಲಿ ಸುಮಾರು ಎಂಬತ್ತು, ತೊಂಬತ್ತು ಸಾವಿರ ಹುಳು ಮೇಯುತ್ತಿರುತ್ತವೆ.

ಮೊಟ್ಟೆ ಒಡೆದು ಹೊರಬಂದ ಸಣ್ಣ ಹುಳುವನ್ನು ಸಾಕುವುದು ಸೂಕ್ಷ್ಮದ ಕೆಲಸ. ಈಗ ಅದನ್ನು ಚಾಕಿ ಕೇಂದ್ರದವರೇ ಮಾಡುತ್ತಾರೆ. ಎರಡನೇ ಜ್ವರ ಎದ್ದ ಹುಳುವನ್ನು ರೈತರು ಅಲ್ಲಿಂದ ಕೊಂಡು ತರುತ್ತಾರೆ. ಜ್ವರ ಎಂದರೆ ಕಾಯಿಲೆಯಲ್ಲ; ಹುಳು ಮೇವು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂತು, ಹಳೆಯ ಚರ್ಮ ಕಳಚುವ ಹೊತ್ತು. ಮನೆಗೆ ಬಂದ ಮೇಲೆ ಇನ್ನೆರಡು ಜ್ವರ. ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಬಿಡುವಿಲ್ಲದ ಮೇವು. ಆಮೇಲೆ ಹುಳು ಹಣ್ಣಾಗಿ, ಮೈ ಪಾರದರ್ಶಕವಾಗಿ, ಚಂದ್ರಿಕೆಗೆ ಏರಿ ಗೂಡು ಕಟ್ಟುತ್ತದೆ. ನಮ್ಮವರು ಸಾಕುವುದು ದ್ವಿತಳಿ, ಬಿಳಿ ಗೂಡು. ಚಂದ್ರಿಕೆಗೆ ಬಿಟ್ಟ ಏಳೆಂಟನೇ ದಿನಕ್ಕೆ ಗೂಡು ಬಿಡಿಸುತ್ತಾರೆ. ಚಾಕಿ ಮನೆಗೆ ಬಂದಂದಿನಿಂದ ಮಾರುಕಟ್ಟೆಗೆ ಹೋಗುವವರೆಗೆ ಹೆಚ್ಚುಕಮ್ಮಿ ಇಪ್ಪತ್ತೈದು ದಿನ. ಒಂದು ಎಕರೆ ತೋಟದಲ್ಲಿ ಸೊಪ್ಪು ಕೊಯ್ದು ಮತ್ತೆ ಚಿಗುರಿ ಬರಲು ಎರಡು ತಿಂಗಳ ಮೇಲೆ ಬೇಕು. ಹಾಗಾಗಿ ವರ್ಷಕ್ಕೆ ಐದು ಬೆಳೆ.

ಸೊಪ್ಪು: ಮನೆಯದು ಎಂದರೆ ಪುಕ್ಕಟೆಯೆ?

ಮೊದಲ ಜಗಳ ಇಲ್ಲೇ ಆಯಿತು. ಸೊಪ್ಪಿನ ಖರ್ಚು ಎಷ್ಟು ಎಂದು ಕೇಳಿದಾಗ ಚಿಕ್ಕಪ್ಪ, "ಸೊಪ್ಪಿಗೇನು ಖರ್ಚು, ತೋಟ ನಮ್ಮದೇ ಅಲ್ವೇನಪ್ಪ?" ಎಂದರು. ಕರೆಂಟು ಪುಕ್ಕಟೆ, ನೀರು ನಮ್ಮದು, ನೆಲ ನಮ್ಮದು. ಆದರೆ ಕೂತು ಬರೆಯುತ್ತಾ ಹೋದಂತೆ ಒಂದೊಂದೇ ಹೊರಬಿತ್ತು.

ವರ್ಷಕ್ಕೆ ನಾಲ್ಕು ಲೋಡು ಕೊಟ್ಟಿಗೆ ಗೊಬ್ಬರ, 18,000 ರೂಪಾಯಿ. ಒಂದು ಬೆಳೆಗೆ 3,600. ಪ್ರತಿ ಕಟಾವಿನ ನಂತರ ಹಾಕುವ ರಸಗೊಬ್ಬರ 1,900. ಉಳುಮೆ, ಕಳೆ 2,500. ಗಿಡ ಸವರಲು 1,000. ಹನಿ ನೀರಾವರಿಯ ಪೈಪು, ಫಿಲ್ಟರು, ಮೋಟರು ಸುಟ್ಟಾಗಿನ ರಿಪೇರಿ, ಎಲ್ಲ ಸೇರಿ ಸರಾಸರಿ 1,000. ಒಟ್ಟು 10,000.

ಇನ್ನೂರು ಮೊಟ್ಟೆಗೆ ಬೇಕಾದದ್ದು ಸುಮಾರು 2,400 ಕೆಜಿ ಸೊಪ್ಪು. ಅಂದರೆ ಕೆಜಿಗೆ ನಾಲ್ಕು ರೂಪಾಯಿ ಚಿಲ್ಲರೆ ಬಿತ್ತು. ತೋಟಕ್ಕೆ ನೀರು ಚೆನ್ನಾಗಿದ್ದರೆ, ವಿ1 ತಳಿಯ ಗಿಡ ಎಕರೆಗೆ ಇದಕ್ಕಿಂತ ಹೆಚ್ಚೇ ಕೊಡುತ್ತದೆ. ನಮ್ಮ ಕೊಳವೆಬಾವಿ ಬೇಸಿಗೆಯಲ್ಲಿ ಬಿಟ್ಟು ಬಿಟ್ಟು ಬರುವುದರಿಂದ ಇನ್ನೂರಕ್ಕೆ ನಿಲ್ಲಿಸಿದ್ದಾರೆ.

ಇನ್ನೊಂದು ಮಾತು ಮುಂದೆ ಬಹಳ ಮುಖ್ಯವಾಗುತ್ತದೆ, ನೆನಪಿಟ್ಟುಕೊಳ್ಳಿ. ನಮ್ಮ ಕಡೆ ಸೊಪ್ಪನ್ನು ಮಾರುತ್ತಾರೆ ಕೂಡ. ಹೋದ ವರ್ಷ ಊರಲ್ಲಿ ನಡೆದ ದರ ಸರಾಸರಿ ಕೆಜಿಗೆ 8 ರೂಪಾಯಿ. ಕೊಂಡವರೇ ಬಂದು ಕೊಯ್ದುಕೊಂಡು ಹೋಗುತ್ತಾರೆ.

ಚಾಕಿ, ಔಷಧಿ, ಕೂಲಿ

ಚಾಕಿ ಹುಳುವಿಗೆ ನೂರು ಮೊಟ್ಟೆಗೆ 3,800 ಕೊಟ್ಟಿದ್ದರು. ಇನ್ನೂರಕ್ಕೆ 7,600. ಬ್ಲೀಚಿಂಗ್ ಪುಡಿ, ಸುಣ್ಣ, ಹುಳುವಿನ ಮೇಲೆ ಜ್ವರ ಎದ್ದ ಮೇಲೆ ಉದುರಿಸುವ ವಿಜೇತ ಪುಡಿ, ಎಲ್ಲ ಸೇರಿ 2,600. ಪೇಪರು, ಹಗ್ಗ, ಬಲ್ಬು ಇತ್ಯಾದಿ 800. ಗೂಡನ್ನು ಮಾರುಕಟ್ಟೆಗೆ ಸಾಗಿಸಲು, ಅಲ್ಲಿನ ಚಿಲ್ಲರೆ ಖರ್ಚು 1,600.

ಇನ್ನು ಕೂಲಿ. ಇದನ್ನು ಲೆಕ್ಕ ಹಿಡಿಯುವುದೇ ಕಷ್ಟ, ಯಾಕೆಂದರೆ ಕೆಲಸ ಎಲ್ಲ ದಿನವೂ ಒಂದೇ ಸಮ ಇರುವುದಿಲ್ಲ. ಒಂದು ಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇಕಡ 80ಕ್ಕೂ ಹೆಚ್ಚು ಕೊನೆಯ ಆ ಏಳೆಂಟು ದಿನಗಳಲ್ಲೇ ತಿನ್ನುತ್ತದೆ. ಮೊದಲ ವಾರ ಚಿಕ್ಕಮ್ಮ ಒಬ್ಬರೇ ಮನೆಗೆಲಸದ ನಡುವೆ ನೋಡಿಕೊಳ್ಳುತ್ತಾರೆ. ಕೊನೆಯ ವಾರ ದಿನಕ್ಕೆ 250ರಿಂದ 300 ಕೆಜಿ ಸೊಪ್ಪು ರೆಂಬೆ ಸಮೇತ ಕೊಯ್ದು, ಹೊತ್ತು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಹಾಕಬೇಕು. ಮೊದಲಿನ ಹಾಗೆ ಎಲೆ ಬಿಡಿಸಿ ತಟ್ಟೆಗೆ ಹಾಕುವ ಬದಲು ಈಗ ರೆಂಬೆಯನ್ನೇ ಹಾಕುತ್ತಾರೆ. ಕೆಲಸ ಎಷ್ಟೋ ಕಮ್ಮಿಯಾಗಿದೆ. ಆದರೂ ಹುಳು ಹಣ್ಣಾಗುವ ದಿನ ಮನೆಯವರಷ್ಟೇ ಸಾಲುವುದಿಲ್ಲ. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವುದು ಅರ್ಧ ದಿನ ತಡವಾದರೆ ಅದು ಸೊಪ್ಪಿನ ಹಾಸಿಗೆಯಲ್ಲೇ ನೂಲು ಬಿಡಲು ಶುರು ಮಾಡುತ್ತದೆ. ಆ ನೂಲು ಹೋದಂತೆಯೇ.

ಒಟ್ಟು ಲೆಕ್ಕ ಹಾಕಿದರೆ ಒಂದು ಬೆಳೆಗೆ 32 ಆಳಿನ ಕೆಲಸ. ಇದರಲ್ಲಿ 12 ಆಳು ಹೊರಗಿನವರು. ಗಂಡಾಳು, ಹೆಣ್ಣಾಳು ಸರಾಸರಿ 450 ರೂಪಾಯಿ ಹಿಡಿದರೆ 5,400. ಉಳಿದ 20 ಆಳಿನ ಕೆಲಸ ಚಿಕ್ಕಪ್ಪ, ಚಿಕ್ಕಮ್ಮ, ತಮ್ಮ ಮಾಡಿದ್ದು. ಅದಕ್ಕೆ ಕೈಯಿಂದ ದುಡ್ಡು ಹೋಗಿಲ್ಲ. ಆದರೆ ಅದೇ 20 ದಿನ ಬೇರೆಯವರ ತೋಟಕ್ಕೆ ಹೋಗಿದ್ದರೆ 9,000 ಬರುತ್ತಿತ್ತು.

"ನಮ್ಮ ಮೈಗೂ ಕೂಲಿ ಹಾಕ್ತೀಯಾ?" ಎಂದು ಚಿಕ್ಕಮ್ಮ ನಕ್ಕರು. ಹಾಕಿದೆ.

ಹುಳುಮನೆಯ ಪಾಲು

ಈಗಿರುವ ಹುಳುಮನೆಗೆ ಕಟ್ಟುವಾಗ ಸಹಾಯಧನ ಕಳೆದು ಕೈಯಿಂದ 4 ಲಕ್ಷ ಬಿದ್ದಿತ್ತು. ಇಪ್ಪತ್ತು ವರ್ಷ ಬಾಳುತ್ತದೆ ಎಂದುಕೊಂಡರೆ ವರ್ಷಕ್ಕೆ 20,000. ಕಬ್ಬಿಣದ ಅಟ್ಟಣೆ, ಪ್ಲಾಸ್ಟಿಕ್ ಚಂದ್ರಿಕೆಗಳು 80,000. ಎಂಟು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 10,000. ಸುಣ್ಣ ಬಳಿಯುವುದು, ಊಜಿ ನೊಣ ಬರದಂತೆ ಕಿಟಕಿಗೆ ಹಾಕಿದ ನೈಲಾನ್ ಬಲೆ ಹರಿದಾಗ ಬದಲಿಸುವುದು, ಒಡೆದ ಶೀಟು, ವೈರಿಂಗು, ಇವುಗಳಿಗೆ ವರ್ಷಕ್ಕೆ 10,000. ಒಟ್ಟು 40,000. ಐದು ಬೆಳೆಗೆ ಹಂಚಿದರೆ ಬೆಳೆಗೆ 8,000. ವರ್ಷಕ್ಕೆ ಮೂರೇ ಬೆಳೆ ತೆಗೆದರೆ ಇದೇ ಪಾಲು 13,000 ದಾಟುತ್ತದೆ. ಹುಳುಮನೆ ಖಾಲಿ ಇದ್ದರೂ ಅದರ ಖರ್ಚು ನಿಲ್ಲುವುದಿಲ್ಲ.

ಈಗ ಎಲ್ಲ ಕೂಡಿಸೋಣ. ಒಂದು ಬೆಳೆಗೆ:

- ಸೊಪ್ಪು: 10,000
- ಚಾಕಿ: 7,600
- ಔಷಧಿ, ಸುಣ್ಣ: 2,600
- ಪೇಪರು ಇತ್ಯಾದಿ: 800
- ಹೊರಗಿನ ಕೂಲಿ: 5,400
- ಸಾಗಾಟ, ಮಾರುಕಟ್ಟೆ: 1,600
- ಕೈಯಿಂದ ಹೋದದ್ದು: 28,000
- ಮನೆಯವರ ಕೂಲಿ: 9,000
- ಹುಳುಮನೆಯ ಪಾಲು: 8,000
- ಪೂರ್ತಿ ಖರ್ಚು: 45,000

ಚಿಕ್ಕಪ್ಪನ ತಲೆಯಲ್ಲಿದ್ದ ಲೆಕ್ಕ ಸುಮಾರು 18,000. ಸೊಪ್ಪು, ಮೈಕೂಲಿ, ಮನೆ, ಮೂರೂ ಅದರಲ್ಲಿ ಇರಲಿಲ್ಲ.

ಕೆಜಿಗೆ ಎಷ್ಟು ಬಿದ್ದರೆ ಗಿಟ್ಟುತ್ತದೆ?

ಜುಲೈ ಬೆಳೆಯನ್ನೇ ತೆಗೆದುಕೊಳ್ಳಿ. ಇನ್ನೂರು ಮೊಟ್ಟೆಗೆ 140 ಕೆಜಿ ಗೂಡು ಬಂತು, ಅಂದರೆ ನೂರಕ್ಕೆ 70 ಕೆಜಿ. ದರ 520. ಕೈಗೆ 72,800. ಕೈಯಿಂದ ಹೋದದ್ದನ್ನು ಕಳೆದರೆ 44,800. ಪೂರ್ತಿ ಖರ್ಚು ಕಳೆದರೂ 27,800 ಲಾಭ. ಒಂದೇ ತಿಂಗಳಲ್ಲಿ, ಒಂದೇ ಎಕರೆಯಲ್ಲಿ! ಇಂಥ ಒಂದು ಬೆಳೆ ನೋಡಿಯೇ ತಮ್ಮನಿಗೆ ದೊಡ್ಡ ಹುಳುಮನೆಯ ಆಸೆ ಹುಟ್ಟಿದ್ದು.

ಆದರೆ 45,000 ಖರ್ಚು ಬಹುಪಾಲು ಮೊದಲೇ ಆಗಿಹೋಗುತ್ತದೆ. ಗೂಡು ಕಮ್ಮಿ ಬಂತೆಂದು ಅದು ಕಮ್ಮಿಯಾಗುವುದಿಲ್ಲ. ಹಾಗಾಗಿ ನೂರು ಮೊಟ್ಟೆಗೆ ಎಷ್ಟು ಕೆಜಿ ಬಂತು ಎನ್ನುವುದರ ಮೇಲೆ ಒಂದು ಕೆಜಿ ಗೂಡಿನ ಅಸಲು ನಿಂತಿದೆ. ನೂರಕ್ಕೆ 70 ಕೆಜಿ ಬಂದರೆ ಅಸಲು 321 ರೂಪಾಯಿ. 60 ಬಂದರೆ 375. 50 ಬಂದರೆ 450. ಇದಕ್ಕಿಂತ ಕೆಳಗಿಳಿದರೆ ಮಾರುಕಟ್ಟೆಯ ಒಳ್ಳೆಯ ದರವೂ ಕಾಪಾಡುವುದಿಲ್ಲ.

ಇನ್ನು ದರ. ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ ಈಗ ಇ-ಹರಾಜು. ರೀಲರ್‌ಗಳು ಗೂಡನ್ನು ಕೈಯಲ್ಲಿ ಹಿಡಿದು ಒತ್ತಿ, ಅಲ್ಲಾಡಿಸಿ ನೋಡಿ, ಮೊಬೈಲಿನಲ್ಲಿ ದರ ಕೂಗುತ್ತಾರೆ. ಅವರು ನೋಡುವುದು ಒಂದೇ: ಎಷ್ಟು ಕೆಜಿ ಗೂಡಿಗೆ ಒಂದು ಕೆಜಿ ನೂಲು ಬರುತ್ತದೆ? ಆರೂವರೆ ಕೆಜಿಗೆ ಬಂದರೆ, 520ರ ದರದಲ್ಲಿ ಅವರಿಗೆ ಒಂದು ಕೆಜಿ ನೂಲಿಗೆ ಗೂಡಿನ ಖರ್ಚು 3,380. ಏಳೂವರೆ ಬೇಕಾದರೆ 3,900. ಜಾಳು ಗೂಡು, ಕಲೆಯಾದದ್ದು, ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು, ಊಜಿ ತೂತು ಮಾಡಿದ್ದು ಹೆಚ್ಚಿದ್ದರೆ ದರ ಬೀಳುವುದು ಇದೇ ಕಾರಣಕ್ಕೆ. ಒಂದೇ ದಿನ, ಅಕ್ಕಪಕ್ಕದ ಎರಡು ಲಾಟುಗಳ ದರದಲ್ಲಿ ನೂರು ರೂಪಾಯಿ ವ್ಯತ್ಯಾಸ ಕಂಡರೆ ಆಶ್ಚರ್ಯವಿಲ್ಲ.

ದರ ಹಿಡಿಸದಿದ್ದರೆ ಮಾರದೆ ವಾಪಸು ತರಬಹುದಲ್ಲ ಎಂದು ಕೇಳಿದೆ. ರಾಗಿಯಾದರೆ ಆಗುತ್ತಿತ್ತು. ಗೂಡಿನೊಳಗೆ ಜೀವವಿದೆ. ಇನ್ನು ಕೆಲವೇ ದಿನಕ್ಕೆ ಚಿಟ್ಟೆ ಗೂಡು ತೂರಿ ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ಎಳೆ ಬಿಚ್ಚಲು ಬರುವುದಿಲ್ಲ. ಅಷ್ಟೇ ಅಲ್ಲ, ದಿನ ಕಳೆದಂತೆ ಗೂಡಿನ ತೂಕವೂ ಇಳಿಯುತ್ತದೆ. ಹೆಚ್ಚೆಂದರೆ ಇನ್ನೊಂದು ಸುತ್ತಿನ ಹರಾಜಿಗೆ ಕಾಯಬಹುದು, ಬೇರೆ ಮಾರುಕಟ್ಟೆಗೆ ಒಯ್ಯಬಹುದು. ದರ ಏರುವವರೆಗೆ ಕೂಡಿಡುವಂತಿಲ್ಲ. 2020ರ ಲಾಕ್‌ಡೌನ್‌ನಲ್ಲಿ ದರ ಕುಸಿದಾಗ ನಮ್ಮವರು ಬಂದಷ್ಟಕ್ಕೆ ಕೊಟ್ಟು ಬಂದದ್ದು ಇದಕ್ಕೇ.

ಅಂದರೆ ಗೂಡಿನ ದರ ರೈತನ ಕೈಯಲ್ಲಿಲ್ಲ. ಗೂಡಿನ ಗುಣ, ನೂರಕ್ಕೆ ಎಷ್ಟು ಕೆಜಿ ಎನ್ನುವುದು ಬಹುಮಟ್ಟಿಗೆ ಅವನ ಕೈಯಲ್ಲಿದೆ.

ಏಪ್ರಿಲ್‌ನ ಆ ಬೆಳೆ

ಐದು ಬೆಳೆಗಳ ಚೀಟಿಗಳನ್ನು ಸಾಲಾಗಿ ಜೋಡಿಸಿದಾಗ ಹೀಗೆ ಕಂಡಿತು:

- ಜುಲೈ: 140 ಕೆಜಿ, ದರ 520, ಬಂದದ್ದು 72,800
- ಸೆಪ್ಟೆಂಬರ್: 132 ಕೆಜಿ, ದರ 560, ಬಂದದ್ದು 73,920
- ನವೆಂಬರ್: 118 ಕೆಜಿ, ದರ 450, ಬಂದದ್ದು 53,100
- ಫೆಬ್ರವರಿ: 150 ಕೆಜಿ, ದರ 500, ಬಂದದ್ದು 75,000
- ಏಪ್ರಿಲ್: 62 ಕೆಜಿ, ದರ 410, ಬಂದದ್ದು 25,420

ನವೆಂಬರ್‌ನಲ್ಲಿ ಚಳಿ, ತೇವ ಎರಡೂ ಸೇರಿ ಸುಣ್ಣಕಟ್ಟು ರೋಗ ಸ್ವಲ್ಪ ತಗುಲಿತ್ತು. ಸತ್ತ ಹುಳು ಸುಣ್ಣದ ಕಡ್ಡಿಯ ಹಾಗೆ ಬಿಳುಪಾಗಿ ಗಟ್ಟಿಯಾಗುತ್ತದೆ. ಅದನ್ನು ಬೇಗ ಕಂಡುಹಿಡಿದು ಆರಿಸಿ, ಸೊಪ್ಪಿನ ಹಾಸಿಗೆ ಒಣಗಿಸಿಟ್ಟು ತಡೆದರು. ಏಪ್ರಿಲ್‌ನದು ಹಾಗಲ್ಲ.

ಮಾರ್ಚ್ ಕೊನೆಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ನಾವೆಲ್ಲ ಪುಣೆ, ಬೆಂಗಳೂರು, ಹೈದರಾಬಾದಿನಿಂದ ಹೋಗಿದ್ದೆವು. ಮನೆ ಸಾಲದೆ ಗಂಡಸರಿಗೆ ಮಲಗಲು ಜಾಗ ಮಾಡಿಕೊಟ್ಟದ್ದು ಹುಳುಮನೆಯಲ್ಲಿ. ಅಟ್ಟಣೆಯ ಮೇಲೆ ಪಾತ್ರೆ, ಅಕ್ಕಿ ಮೂಟೆ, ಬಾಳೆಗೊನೆ. ಮೂರು ರಾತ್ರಿ ಅಲ್ಲೇ ಹರಟೆ ಹೊಡೆದು ಮಲಗಿದ್ದೆ. ಎಷ್ಟು ಚೆನ್ನಾಗಿತ್ತು ಎಂದು ವಾಪಸು ಬಂದು ಗೆಳೆಯರಿಗೆ ಹೇಳಿದ್ದೂ ಉಂಟು.

ಮದುವೆ ಮುಗಿದು, ಪಾತ್ರೆ ವಾಪಸು ಕೊಟ್ಟು, ನೆಂಟರನ್ನು ಕಳಿಸುವ ಹೊತ್ತಿಗೆ ಚಾಕಿ ತರುವ ದಿನ ಬಂದೇಬಿಟ್ಟಿತ್ತು. ಸಾಮಾನ್ಯವಾಗಿ ಗೂಡು ಬಿಡಿಸಿದ ಕೂಡಲೇ ಒಮ್ಮೆ ಬ್ಲೀಚಿಂಗ್ ದ್ರಾವಣ ಹೊಡೆದು, ಕಸ ತೆಗೆದು ಸುಟ್ಟು, ಮನೆ, ಅಟ್ಟಣೆ, ಚಂದ್ರಿಕೆ ತೊಳೆದು ಒಣಗಿಸಿ, ಚಾಕಿ ಬರುವ ನಾಲ್ಕೈದು ದಿನ ಮೊದಲು ಬಾಗಿಲು ಕಿಟಕಿ ಮುಚ್ಚಿ ಇನ್ನೊಮ್ಮೆ ಹೊಡೆಯಬೇಕು. ಈ ಸಲ ಹಿಂದಿನ ದಿನ ಸಂಜೆ ಒಂದೇ ಬಾರಿ, ಅದೂ ಉಳಿದಿದ್ದ ಹಳೆಯ ಪುಡಿಯಲ್ಲಿ ಹೊಡೆದರು. ಬ್ಲೀಚಿಂಗ್ ಪುಡಿಯ ಚೀಲ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಮೂಗಿಗೆ ಘಾಟು ಹೊಡೆಯದ ಪುಡಿ ಬರೀ ಸುಣ್ಣಕ್ಕೆ ಸಮ.

ಅದರ ಮೇಲೆ ಏಪ್ರಿಲ್ ಬಿಸಿಲು. ಬೆಳೆದ ಹುಳುವಿಗೆ 24ರಿಂದ 26 ಡಿಗ್ರಿ ಹಿತ. ಶೀಟಿನ ಮಾಡಿನ ಕೆಳಗೆ ಮಧ್ಯಾಹ್ನ 36 ಆಗುತ್ತಿತ್ತು. ನಾಲ್ಕನೇ ಜ್ವರಕ್ಕೆ ಹೋಗುವ ಹೊತ್ತಿಗೆ ಕೆಲವು ಹುಳು ಜ್ವರಕ್ಕೆ ಕೂರಲೇ ಇಲ್ಲ. ಮೈ ಹೊಳೆಯತೊಡಗಿತು, ಉಂಗುರ ಉಂಗುರವಾಗಿ ಊದಿಕೊಂಡಿತು. ಸೊಪ್ಪು ಬಿಟ್ಟು ಅಟ್ಟಣೆಯ ಅಂಚಿನಲ್ಲೇ ಸುತ್ತತೊಡಗಿದವು. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ದ್ರವ. ಹಾಲುತೊಂಡೆ ರೋಗ. ಆ ಹಾಲಿನ ಒಂದು ಹನಿ ಬಿದ್ದ ಸೊಪ್ಪು ತಿಂದ ಹುಳುವಿಗೂ ಅದೇ ಗತಿ. ಇದು ವೈರಸ್‌ನಿಂದ ಬರುವ ಕಾಯಿಲೆ, ತಗುಲಿದ ಹುಳುವಿಗೆ ಮದ್ದಿಲ್ಲ. ಆರಿಸಿ ಸುಣ್ಣದ ನೀರಿಗೆ ಹಾಕಿ ಹೂಳುವುದು, ಉಳಿದದ್ದರ ಮೇಲೆ ಪುಡಿ ಉದುರಿಸುವುದು, ಇಷ್ಟೇ ದಾರಿ.

"ಇನ್ನೂರರಲ್ಲಿ ಅರ್ಧಕ್ಕಿಂತ ಜಾಸ್ತಿ ಗುಂಡಿಗೆ ಹಾಕಿದ್ವಿ. ನಿಂಗೆ ಹೇಳಲಿಲ್ಲ, ಮದುವೆಗೆ ಬಂದಿದ್ರಿಂದ ಹಿಂಗಾಯ್ತು ಅಂತ ಬೇಜಾರು ಮಾಡ್ಕೋತೀಯ ಅಂತ" ಎಂದರು ಚಿಕ್ಕಮ್ಮ. ನಾನು ಮಲಗಿದ್ದ ಮೂಲೆಯನ್ನು ಮತ್ತೊಮ್ಮೆ ನೋಡಿದೆ.

ಆ ಬೆಳೆಯಲ್ಲಿ ಕೈಯಿಂದ ಹೋದ 28,000ವೂ ಪೂರ್ತಿ ಮರಳಲಿಲ್ಲ. ಪೂರ್ತಿ ಖರ್ಚು ಹಿಡಿದರೆ 19,580 ನಷ್ಟ. ಜುಲೈ ಬೆಳೆಯ ಲಾಭದಲ್ಲಿ ಸುಮಾರು ಶೇಕಡ 70 ಭಾಗ ಅಲ್ಲಿಗೆ ಹೋಯಿತು.

ವರ್ಷದ ಕೊನೆಗೆ

ಐದೂ ಬೆಳೆ ಸೇರಿ 602 ಕೆಜಿ ಗೂಡು, 3,00,240 ರೂಪಾಯಿ. ಸರಾಸರಿ ದರ 499. ನೂರು ಮೊಟ್ಟೆಗೆ ಸರಾಸರಿ 60 ಕೆಜಿ. ಪೂರ್ತಿ ಖರ್ಚು 2,25,000. ಉಳಿದದ್ದು 75,240. ಮನೆಯವರ ಕೂಲಿ 45,000 ಇದಕ್ಕೆ ಸೇರಿಸಿದರೆ ವರ್ಷಕ್ಕೆ 1,20,240 ಮನೆಗೆ ಬಂತು. ಒಂದು ಬೆಳೆ ಪೂರಾ ಕೆಟ್ಟ ವರ್ಷದಲ್ಲೂ ಇಷ್ಟು.

ಹಾಗಾದರೆ ಗಿಟ್ಟುತ್ತದೆ ಎಂದಾಯಿತಲ್ಲ? ಇಲ್ಲಿ ಆ 8 ರೂಪಾಯಿ ಸೊಪ್ಪಿನ ಮಾತು ನೆನಪಿಸಿಕೊಳ್ಳಿ. ಹುಳುವನ್ನೇ ಸಾಕದೆ ವರ್ಷದ 12,000 ಕೆಜಿ ಸೊಪ್ಪನ್ನು ಮಾರಿದ್ದರೆ 96,000 ಬರುತ್ತಿತ್ತು. ತೋಟದ ಖರ್ಚು 50,000 ಕಳೆದರೆ 46,000 ಉಳಿಯುತ್ತಿತ್ತು. ಅಂದರೆ ನಮ್ಮ 75,240ರಲ್ಲಿ 46,000 ತೋಟದ ಸಂಪಾದನೆ. ಹುಳು ತಂದುಕೊಟ್ಟದ್ದು ಉಳಿದ 29,240 ಮತ್ತು ಮನೆಯವರ ಕೂಲಿ 45,000. ಎರಡೂ ಸೇರಿ 74,240. ಅದನ್ನು ಅವರು ದುಡಿದ ನೂರು ದಿನಕ್ಕೆ ಹಂಚಿದರೆ ದಿನಕ್ಕೆ 742 ರೂಪಾಯಿ.

ಊರಿನ ಕೂಲಿ 450 ಇರುವಾಗ, ಮನೆಯಲ್ಲೇ ಇದ್ದು 742 ಎಂದರೆ ಕೆಟ್ಟದ್ದಲ್ಲ. ಆದರೆ ಈ ದುಡಿಮೆ ಗಿಟ್ಟಿರುವುದು ಮೂರು ಕಾರಣಕ್ಕೆ: ಸೊಪ್ಪು ಮನೆಯದು, ಮೈ ಮನೆಯದು, ಹುಳುಮನೆಯ ಮೇಲೆ ಸಾಲವಿಲ್ಲ. ತಮ್ಮನ ಹೊಸ ಯೋಜನೆಯಲ್ಲಿ ಈ ಮೂರೂ ಇರಲಿಲ್ಲ.

ನಾನೂರು ಮೊಟ್ಟೆಯ ಲೆಕ್ಕ

ಹೆಚ್ಚುವರಿ ಇನ್ನೂರು ಮೊಟ್ಟೆಗೆ ನಮ್ಮ ತೋಟದಲ್ಲಿ ಸೊಪ್ಪಿಲ್ಲ, ಕೊಳ್ಳಬೇಕು. 2,400 ಕೆಜಿಗೆ 19,200. ಮನೆಯವರ ಮೂರು ಜೊತೆ ಕೈ ಈಗಲೇ ತುಂಬಿವೆ. ಹಾಗಾಗಿ 32 ಆಳೂ ಹೊರಗಿನವರು, 14,400. ಚಾಕಿ 7,600, ಔಷಧಿ ಪೇಪರು 3,400, ಸಾಗಾಟ 1,600. ಒಟ್ಟು 46,200. ಈ ವರ್ಷದ ಸರಾಸರಿಯಂತೆಯೇ ಬಂದರೆ ಗೂಡಿನಿಂದ ಬರುವುದು ಸುಮಾರು 60,000. ಉಳಿಯುವುದು ಬೆಳೆಗೆ 13,800, ವರ್ಷಕ್ಕೆ 69,000.

ಒಂಬತ್ತು ಲಕ್ಷಕ್ಕೆ ಶೇಕಡ 10ರ ಬಡ್ಡಿ ಹಿಡಿದರೆ ಮೊದಲ ವರ್ಷದ ಬಡ್ಡಿಯೇ 90,000. ಅಸಲು ತೀರಿಸುವ ಮಾತು ಆಮೇಲೆ. ಅರ್ಧ ದುಡ್ಡು ಸಹಾಯಧನವಾಗಿ ಬಂತೆಂದೇ ಇಟ್ಟುಕೊಳ್ಳಿ. ಉಳಿದ ನಾಲ್ಕೂವರೆ ಲಕ್ಷಕ್ಕೆ ಬಡ್ಡಿ 45,000, ಕಟ್ಟಡ ಇಪ್ಪತ್ತು ವರ್ಷದಲ್ಲಿ ಸವೆಯುವ ಲೆಕ್ಕ 22,500. ಒಟ್ಟು 67,500. ಉಳಿಯುವುದು 1,500 ರೂಪಾಯಿ. ಇನ್ನೊಂದು ಬೆಳೆ ಕೆಟ್ಟರೆ ಅದೂ ಇಲ್ಲ.

ಶೀಟ್ ತೋರಿಸಿದಾಗ ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂದ್ರೆ ದುಡ್ಡು ಕೊಡಲ್ಲ ಅಂತೀಯ" ಎಂದ. ಅವನ ಮಾತಿನಲ್ಲಿ ಸಿಟ್ಟಿತ್ತು. ಪುಣೆಯಲ್ಲಿ ಎಸಿಯಲ್ಲಿ ಕೂತವನು ಬಂದು ನಾಲ್ಕು ದಿನದಲ್ಲಿ ಲೆಕ್ಕ ಹೇಳಿದರೆ ಯಾರಿಗಾದರೂ ಬರುತ್ತದೆ.

ಚಿಕ್ಕಪ್ಪ ಶೀಟಿನ ಒಂದು ಸಾಲಿನ ಮೇಲೆ ಬೆರಳಿಟ್ಟರು. ನೂರಕ್ಕೆ ಸರಾಸರಿ 60 ಕೆಜಿ. "ಏಪ್ರಿಲ್ ಒಂದು ಬಿಟ್ರೆ ನಾವು ಅರವತ್ತೇಳು ತೆಗೆದಿದೀವಿ ಕಣೋ. ಆ ಒಂದು ಬೆಳೆ ಉಳಿಸ್ಕೊಂಡಿದ್ರೆ ಸಾಕಿತ್ತು."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಏಪ್ರಿಲ್ ಬಿಟ್ಟು ಉಳಿದ ನಾಲ್ಕರ ಸರಾಸರಿ 67ರ ಮೇಲಿದೆ. ವರ್ಷವಿಡೀ ನೂರಕ್ಕೆ 67 ಬಂದರೆ 68 ಕೆಜಿ ಗೂಡು ಹೆಚ್ಚು, ಇದೇ ದರಕ್ಕೆ ಸುಮಾರು 34,000 ರೂಪಾಯಿ. ಒಂದು ಎಲೆ ಸೊಪ್ಪನ್ನೂ ಹೆಚ್ಚು ಕೊಳ್ಳದೆ, ಒಂದು ಆಳನ್ನೂ ಹೆಚ್ಚು ಕರೆಯದೆ.

ಆ ಸಂಜೆ ಮೂವರೂ ಹುಳುಮನೆಯಲ್ಲೇ ನಿಂತು ಇನ್ನೊಂದು ಪಟ್ಟಿ ಮಾಡಿದೆವು. ಶೀಟಿನ ಮೇಲೆ ತೆಂಗಿನ ಗರಿ ಹೊದಿಸುವುದು, ಒಳಗೆ ಗೋಣಿಯ ಅಡ್ಡಮಾಡು, ಬಿಸಿಗಾಳಿ ಹೊರಹೋಗಲು ಮೇಲೆ, ತಂಪುಗಾಳಿ ಬರಲು ಕೆಳಗೆ ಗವಾಕ್ಷಿ. ಊಜಿ ನೊಣಕ್ಕೆ ಎರಡನೇ ಬಲೆಬಾಗಿಲು. ಔಷಧಿ ಹೊಡೆಯಲು ಒಳ್ಳೆಯ ಪಂಪು. ಉಷ್ಣಾಂಶ ಮತ್ತು ತೇವ ತೋರಿಸುವ ಸಣ್ಣ ಮೀಟರು. ಒಟ್ಟು ಸುಮಾರು 60,000. ನೂರಕ್ಕೆ 67 ಉಳಿಸಿಕೊಂಡರೆ ಎರಡು ವರ್ಷದೊಳಗೆ ವಾಪಸು. ಈ ದುಡ್ಡು ನಾನು ಕೊಟ್ಟೆ. ಚಿಕ್ಕಮ್ಮ ಪಟ್ಟಿಗೆ ಒಂದು ಸಾಲು ಸೇರಿಸಿದರು, ಅದಕ್ಕೆ ಖರ್ಚಿಲ್ಲ: ಇನ್ನು ಮೇಲೆ ಹುಳುಮನೆಯಲ್ಲಿ ಯಾರೂ ಮಲಗುವಂತಿಲ್ಲ.

ಹೊಸ ಹುಳುಮನೆ ಎಂದೂ ಬೇಡ ಎಂದಲ್ಲ. ಪಕ್ಕದ ಒಂದು ಎಕರೆಗೂ ಹಿಪ್ಪುನೇರಳೆ ನೆಟ್ಟು, ನೀರು ಸಾಕಾಗುತ್ತದೆ ಎಂದು ಒಂದು ಬೇಸಿಗೆ ನೋಡಿ, ಸೊಪ್ಪು ಕೈಗೆ ಬಂದ ಮೇಲೆ ಮತ್ತೆ ಲೆಕ್ಕ ಹಾಕೋಣ ಎಂದು ಒಪ್ಪಿದ್ದೇವೆ. ಆಗ ಸೊಪ್ಪಿನ ಸಾಲಿನಲ್ಲಿ 19,200ರ ಬದಲು 10,000 ಬರುತ್ತದೆ, ಉತ್ತರವೂ ಬೇರೆಯಾಗಬಹುದು.

ತಮ್ಮನ ಸಿಟ್ಟು ಪೂರ್ತಿ ಇಳಿದಿದೆ ಎಂದು ಹೇಳಲಾರೆ. ಆದರೆ ಮೊನ್ನೆ ಜುಲೈ ಬೆಳೆಯ ಗೂಡು ಮಾರಿದ ರಾತ್ರಿ ಅವನಿಂದ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಬಂತು. ಗೂಡಿನದಲ್ಲ, ಮಾರುಕಟ್ಟೆಯದಲ್ಲ. ನೋಟ್‌ಬುಕ್ಕಿನ ಒಂದು ಹಾಳೆ. ಸೊಪ್ಪು, ಚಾಕಿ, ಔಷಧಿ, ಕೂಲಿ, ಸಾಗಾಟ, ಒಂದೊಂದಾಗಿ ಬರೆದಿದ್ದ. ಕೆಳಗಿನಿಂದ ಎರಡನೇ ಸಾಲಿನಲ್ಲಿ, "ಅಮ್ಮನ ಕೂಲಿ: 9 ದಿನ" ಎಂದಿತ್ತು.